ಹೈಡ್ರೋಜನ್ ಕೋಶ ಕಟ್ಟುವ ಸುಂಕ

ನನ್ನ ಮೇಜಿನ ಮೇಲೆ ಅಂಗೈ ಅಗಲದ ಒಂದು ಆಟಿಕೆ ಇದೆ. ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಆಚೀಚೆ ಎರಡು ಪುಟ್ಟ ನಳಿಗೆ, ತುದಿಯಲ್ಲೊಂದು ಫ್ಯಾನು. ಡಿಸ್ಟಿಲ್ಡ್ ವಾಟರ್ ಹಾಕಿ ಎರಡು ಪೆನ್‌ಸೆಲ್‌ಗಳ ತಂತಿ ಸಿಕ್ಕಿಸಿದರೆ ಗುಳ್ಳೆಗಳೇಳುತ್ತವೆ. ಒಂದು ನಳಿಗೆಯಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಅದರ ಅರ್ಧದಷ್ಟು ಆಮ್ಲಜನಕ. ಸೆಲ್ ಕಳಚಿ ಫ್ಯಾನಿನ ತಂತಿ ಜೋಡಿಸಿದರೆ ಅದೇ ಡಬ್ಬಿ ಉಲ್ಟಾ ಕೆಲಸಕ್ಕಿಳಿಯುತ್ತದೆ. ಎರಡೂ ಅನಿಲಗಳು ಕೂಡಿ ಮತ್ತೆ ನೀರಾಗುತ್ತವೆ, ಫ್ಯಾನು ತಿರುಗುತ್ತದೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಇದೇ ಹೈಡ್ರೋಜನ್ ಇಂಧನಕೋಶ. ವಿಲಿಯಂ ಗ್ರೋವ್ 1839ರ ಸುಮಾರಿಗೆ ಪ್ಲಾಟಿನಂ ಪಟ್ಟಿಗಳನ್ನು ದುರ್ಬಲ ಆಮ್ಲದಲ್ಲಿ ಅದ್ದಿ ಕಂಡುಕೊಂಡದ್ದೂ ಇದನ್ನೇ.

ಮೊದಲ ಸಲ ಫ್ಯಾನು ಜೋಡಿಸದೆ ಬರೀ ಮಲ್ಟಿಮೀಟರ್ ಇಟ್ಟು ನೋಡಿದೆ. ಸೆಲ್ ಕಳಚಿದ ತಕ್ಷಣ ಅಂಕಿ ಜಾಸ್ತಿ ಇರುತ್ತದೆ, ಅದು ಇಳಿದು ನಿಲ್ಲುವ ತನಕ ಕಾದೆ. ಪುಸ್ತಕದ ಪ್ರಕಾರ 1.23 ವೋಲ್ಟ್ ಬರಬೇಕು. ಮೀಟರು 0.94 ಎಂದಿತು. ಮೀಟರಿನ ಬ್ಯಾಟರಿ ಬದಲಿಸಿದೆ, ಮತ್ತದೇ 0.94. ಪಾಪ, ಮೀಟರಿನದೇನೂ ತಪ್ಪಿರಲಿಲ್ಲ. ಆದರೆ ಆ 1.23 ಎಲ್ಲಿಂದ ಬಂತು, ಅದಕ್ಕಿಂತ ಒಂದು ಚೂರೂ ಹೆಚ್ಚು ಯಾಕೆ ಬರಕೂಡದು ಎಂಬುದು ಅವತ್ತಿನಿಂದ ತಲೆಯಲ್ಲಿ ಕೂತಿತು.

ಲೆಕ್ಕಕ್ಕೆ ಒಂದು ಕಿಲೋ ಹೈಡ್ರೋಜನ್ ತೆಗೆದುಕೊಳ್ಳೋಣ. ಅಳತೆಗೆ ಮನೆಯ ಕರೆಂಟ್ ಬಿಲ್ಲಿನ ಯೂನಿಟ್ಟೇ ಸಾಕು. ಈ ಒಂದು ಕಿಲೋವನ್ನು ಸುಮ್ಮನೆ ಸುಟ್ಟು, ಹುಟ್ಟಿದ ಆವಿಯನ್ನೂ ತಣಿಸಿ ನೀರಾಗಿಸಿ, ಎಲ್ಲವನ್ನೂ 25 ಡಿಗ್ರಿಗೆ ತಂದು ನಿಲ್ಲಿಸಿದರೆ ಹೊರಬರುವ ಒಟ್ಟು ಶಾಖ ಸುಮಾರು 39.4 ಯೂನಿಟ್. ಇದಕ್ಕೆ ರಸಾಯನಶಾಸ್ತ್ರದಲ್ಲಿ ಎಂಥಾಲ್ಪಿ ವ್ಯತ್ಯಾಸ ಎನ್ನುತ್ತಾರೆ, ΔH ಎಂದು ಬರೆಯುತ್ತಾರೆ. ಕಾಲೇಜು ಪುಸ್ತಕಗಳಲ್ಲಿ ಇದು ಒಂದು ಮೋಲ್‌ಗೆ, ಅಂದರೆ ಎರಡು ಗ್ರಾಂ ಹೈಡ್ರೋಜನ್‌ಗೆ, 285.8 ಕಿಲೋಜೂಲ್ ಎಂದಿರುತ್ತದೆ. ಹೇಳುವ ರೀತಿ ಬೇರೆ, ಮಾತು ಒಂದೇ.

ಈಗ ಅದೇ ಒಂದು ಕಿಲೋವನ್ನು ಸುಡದೆ ಕೋಶಕ್ಕೆ ಹರಿಸುತ್ತೇವೆ ಅನ್ನಿ. ಕೋಶ ಪರಿಪೂರ್ಣವಾದದ್ದು: ಸೋರಿಕೆಯಿಲ್ಲ, ತಂತಿಯಲ್ಲಿ ತಡೆಯಿಲ್ಲ. ಆಗ 39.4 ಯೂನಿಟ್ಟೂ ಕರೆಂಟಾಗಿ ಬರಬೇಕಲ್ಲವೇ? ಬರುವುದಿಲ್ಲ. 32.7 ಯೂನಿಟ್ ಬರುತ್ತದೆ, ಉಳಿದ 6.7 ಶಾಖವಾಗಿ ಹೋಗುತ್ತದೆ. ಕರೆಂಟಾಗಿ ಬರಬಲ್ಲ ಆ ಪಾಲಿಗೇ ಮುಕ್ತ ಶಕ್ತಿ ಎಂದು ಹೆಸರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ವಿಲರ್ಡ್ ಗಿಬ್ಸ್ 1870ರ ದಶಕದಲ್ಲಿ ಈ ಲೆಕ್ಕ ಹಾಕಿಕೊಟ್ಟದ್ದರಿಂದ ಅವರ ಮೊದಲ ಅಕ್ಷರ ಸೇರಿ ΔG ಆಯಿತು. 32.7ನ್ನು 39.4ರಿಂದ ಭಾಗಿಸಿದರೆ 0.83. ಹೈಡ್ರೋಜನ್ ಕೋಶದ ಗರಿಷ್ಠ ದಕ್ಷತೆ ಶೇ. 83 ಎಂದು ಎಲ್ಲ ಕಡೆ ಬರೆಯುವುದು ಇದನ್ನೇ.

ಆ 6.7 ಯೂನಿಟ್ ನಷ್ಟವಲ್ಲ, ಸುಂಕ. ನಷ್ಟವಾದರೆ ಜಾಣ ಎಂಜಿನಿಯರ್ ಯಾವತ್ತೋ ಒಂದು ದಿನ ಕಡಿಮೆ ಮಾಡಿಯಾನು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ. ಇದನ್ನು ಯಾರಿಗೆ ಕಟ್ಟಬೇಕು, ಯಾಕೆ ಎಂಬುದು ನೀರು ಹುಟ್ಟುವ ಬಗೆಯಲ್ಲೇ ಇದೆ. ಒಂದು ಮೋಲ್ ಹೈಡ್ರೋಜನ್, ಅರ್ಧ ಮೋಲ್ ಆಮ್ಲಜನಕ ಕೂಡಿಸಿದರೆ ಕೋಣೆಯ ತಾಪದಲ್ಲಿ ಸುಮಾರು 37 ಲೀಟರ್ ಅನಿಲ. ದೊಡ್ಡ ಎರಡು ಬಿಂದಿಗೆ ತುಂಬುವಷ್ಟು ಜಾಗದಲ್ಲಿ ಅಣುಗಳು ದಿಕ್ಕುದೆಸೆಯಿಲ್ಲದೆ ಓಡಾಡಿಕೊಂಡಿವೆ. ಅವು ಕೂಡಿ ನೀರಾದಾಗ ಸಿಗುವುದು 18 ಮಿಲಿಲೀಟರ್, ಕೆಮ್ಮಿನ ಔಷಧಿಯ ಮುಚ್ಚಳಕ್ಕೆ ಸರಿಹೋಗುವಷ್ಟು ದ್ರವ. ಅಷ್ಟು ಚದುರಿದ್ದು ಇಷ್ಟು ಒತ್ತಾಗಿ ಕೂತಿತು. ಎಂಟ್ರೋಪಿ ಎನ್ನುವ, ಚದುರಿಕೆಯ ಅಳತೆ ಇಲ್ಲಿ ಬಹಳ ಇಳಿಯಿತು.

ಜಗತ್ತಿನ ಒಟ್ಟು ಎಂಟ್ರೋಪಿ ಇಳಿಯಕೂಡದು ಎಂಬುದು ಉಷ್ಣಗತಿಶಾಸ್ತ್ರದ ಎರಡನೇ ನಿಯಮ. ಡಬ್ಬಿಯ ಒಳಗೆ ಇಳಿದದ್ದಕ್ಕೆ ಹೊರಗೆ ಕನಿಷ್ಠ ಅಷ್ಟೇ ಏರಬೇಕು. ಸುತ್ತಲಿನ ಗಾಳಿಯ ಎಂಟ್ರೋಪಿ ಏರಿಸಲು ಕೋಶಕ್ಕೆ ಇರುವ ದಾರಿ ಒಂದೇ: ಒಂದಿಷ್ಟು ಶಾಖ ಕೊಡುವುದು. ಎಷ್ಟು ಎಂದರೆ, ಇಳಿದ ಎಂಟ್ರೋಪಿಯನ್ನು ತಾಪಮಾನದಿಂದ ಗುಣಿಸಿದಷ್ಟು. ಪ್ರತಿ ಮೋಲ್‌ಗೆ ಇಳಿಕೆ, ಒಂದು ಕೆಲ್ವಿನ್‌ಗೆ 163.3 ಜೂಲ್. 25 ಡಿಗ್ರಿ ಎಂದರೆ 298 ಕೆಲ್ವಿನ್. ಗುಣಿಸಿದರೆ 48.7 ಕಿಲೋಜೂಲ್. 285.8ರಲ್ಲಿ ಇದನ್ನು ಕಳೆದರೆ ಉಳಿಯುವುದು 237.1. ΔG = ΔH − TΔS ಎಂದು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಸೂತ್ರ ಹೇಳುವುದು ಇಷ್ಟನ್ನೇ. ಅದರಲ್ಲಿ TΔS ಇರುವ ಜಾಗವೇ ಸುಂಕದ ಕಟ್ಟೆ.

ಈ ಸುಂಕ ಎಲ್ಲ ಇಂಧನಕ್ಕೂ ಒಂದೇ ಅಲ್ಲ. ಇದ್ದಿಲನ್ನು ಹೀಗೆಯೇ ಕೋಶದಲ್ಲಿ ಆಮ್ಲಜನಕದ ಜೊತೆ ಕೂಡಿಸಿದರೆ ಒಂದು ಮೋಲ್ ಅನಿಲ ಹೋಗಿ ಒಂದು ಮೋಲ್ ಅನಿಲ ಬರುತ್ತದೆ, ಚದುರಿಕೆ ಕೂದಲೆಳೆಯಷ್ಟು ಹೆಚ್ಚೇ ಆಗುತ್ತದೆ. ಲೆಕ್ಕದಲ್ಲಿ ಗರಿಷ್ಠ ದಕ್ಷತೆ ಶೇ. 100ನ್ನೂ ಒಂದು ಚೂರು ದಾಟುತ್ತದೆ. ಹೆಚ್ಚಿನ ಆ ಚೂರನ್ನು ಕೋಶ ಸುತ್ತಲಿನ ಗಾಳಿಯ ಶಾಖದಿಂದ ಎಳೆದುಕೊಳ್ಳುತ್ತದೆ. ಗಟ್ಟಿ ಇದ್ದಿಲನ್ನು ಹಾಗೆ ವರ್ತಿಸುವಂತೆ ಮಾಡುವುದು ಬೇರೆಯೇ ತಲೆನೋವು.

ಮತ್ತೆ ನಮ್ಮ 1.23ಕ್ಕೆ. ಹೈಡ್ರೋಜನ್‌ನ ಪ್ರತಿ ಅಣು ಎರಡು ಎಲೆಕ್ಟ್ರಾನ್‌ಗಳನ್ನು ಹೊರಗಿನ ತಂತಿಗೆ ಬಿಟ್ಟುಕೊಡುತ್ತದೆ, ಕಡಿಮೆಯಿಲ್ಲ, ಹೆಚ್ಚಿಲ್ಲ. ಹಾಗಾಗಿ ಒಂದು ಕಿಲೋಗೆ ಹರಿಯುವ ವಿದ್ಯುತ್ತಿನ ಮೊತ್ತ ಗೊತ್ತಾದದ್ದು: ಸುಮಾರು 26,600 ಆಂಪಿಯರ್-ಅವರ್. ನಮ್ಮ ಮನೆಯ ಯುಪಿಎಸ್ ಬ್ಯಾಟರಿಯ ಮೇಲೆ 150 ಆಂಪಿಯರ್-ಅವರ್ ಎಂದು ಬರೆದಿರುತ್ತದಲ್ಲ, ಅದೇ ಅಳತೆ. ಈ ಮೊತ್ತವನ್ನು ವೋಲ್ಟ್‌ನಿಂದ ಗುಣಿಸಿದರೆ ಯೂನಿಟ್ ಸಿಗಬೇಕು. 32.7 ಯೂನಿಟ್ ಸಿಗಲು ಎಷ್ಟು ವೋಲ್ಟ್ ಬೇಕು? 1.23. ಸುಂಕವೇ ಇಲ್ಲದಿದ್ದರೆ, 39.4 ಪೂರ್ತಿ ಸಿಗಲು? 1.48. ಎಲೆಕ್ಟ್ರಾನ್‌ಗಳ ಸಂಖ್ಯೆ ಬದಲಾಗದ ಕಾರಣ ದಕ್ಷತೆಯೆಲ್ಲ ವೋಲ್ಟೇಜಿನಲ್ಲೇ ಅಡಗಿದೆ. ಯಾವ ಕೋಶಕ್ಕಾದರೂ ಮೀಟರ್ ಇಟ್ಟು, ಬಂದ ಅಂಕಿಯನ್ನು 1.48ರಿಂದ ಭಾಗಿಸಿದರೆ ಅದರ ದಕ್ಷತೆ ಸಿಕ್ಕಿತು. ಒಳಗೆ ಹೋದ ಹೈಡ್ರೋಜನ್ ಎಲ್ಲ ಬಳಕೆಯಾಯಿತು ಎಂಬ ಊಹೆಯೊಂದು ಇದರಲ್ಲಿದೆ, ಅದನ್ನು ಮರೆಯಬಾರದು.

ಇಲ್ಲಿ ಕಂಪನಿಗಳ ಕೈಪಿಡಿ ಓದುವವರು ಹುಷಾರಾಗಿರಬೇಕಾದ ಜಾಗವೊಂದಿದೆ. ಕೆಲವರು 83 ಅನ್ನುತ್ತಾರೆ, ಕೆಲವರು 94 ಅನ್ನುತ್ತಾರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕೋಶದಿಂದ ನೀರು ಆವಿಯಾಗಿಯೇ ಹೊರಹೋಯಿತು ಎಂದು ಎಣಿಸಿದರೆ, ಆವಿ ನೀರಾಗುವಾಗ ಕೊಡುವ 6 ಯೂನಿಟ್ ಶಾಖವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಗ ಒಟ್ಟು ಶಾಖ 39.4 ಅಲ್ಲ, 33.3. ಮುಕ್ತ ಶಕ್ತಿಯೂ ಸ್ವಲ್ಪ ಇಳಿದು 31.5 ಆಗುತ್ತದೆ. ಭಾಗಿಸಿದರೆ ಸುಮಾರು ಶೇ. 94.5. ಕೋಶ ಉತ್ತಮವಾಗಲಿಲ್ಲ, ಭಾಜಕ ಚಿಕ್ಕದಾಯಿತು. ಎಂಜಿನ್‌ಗಳ ಲೆಕ್ಕದಲ್ಲಿ ಈ ಚಿಕ್ಕ ಅಂಕಿ ಬಳಸುವುದು ರೂಢಿ, ಹೊಗೆಕೊಳವೆಯಲ್ಲಿ ಆವಿ ಹೇಗೂ ಹಾರಿಹೋಗುತ್ತದೆ. ಆದರೆ ನೀರನ್ನು ದ್ರವವಾಗಿಯೇ ಹಿಡಿಯುವ ಕೋಶಗಳಿವೆ. ಅಪೊಲೊ ನೌಕೆಯಲ್ಲಿ ಗಗನಯಾತ್ರಿಗಳು ಕುಡಿದದ್ದು ತಮ್ಮ ಇಂಧನಕೋಶದ ನೀರನ್ನೇ. ಒಂದರ ಶೇಕಡಾವನ್ನು ಇನ್ನೊಂದರ ಜೊತೆ ಹೋಲಿಸುವ ಮೊದಲು ಯಾವ ಭಾಜಕ ಎಂದು ಕೇಳಿಕೊಳ್ಳದಿದ್ದರೆ, ಸೇರಿನಲ್ಲಿ ಅಳೆದದ್ದನ್ನು ಲೀಟರಿಗೆ ಹೋಲಿಸಿದ ಹಾಗೆ.

ಇಂಧನಕೋಶಕ್ಕೆ ಕಾರ್ನೋ ಮಿತಿ ಇಲ್ಲ, ಅದಕ್ಕೇ ಅದು ಎಂಜಿನ್‌ಗಿಂತ ಮೇಲು ಎಂಬ ಮಾತನ್ನೂ ಆಗಾಗ ಕೇಳುತ್ತೇವೆ. ಅರ್ಧ ನಿಜ. ಎಂಜಿನ್ ಬಿಸಿಯಾದಷ್ಟೂ ಅದರ ಮಿತಿ ಏರುತ್ತದೆ. ಹೈಡ್ರೋಜನ್ ಕೋಶದ್ದು ತದ್ವಿರುದ್ಧ: ಸುಂಕವೇ ತಾಪಮಾನದ ಗುಣಲಬ್ಧ ಆದ್ದರಿಂದ ಬಿಸಿಯಾದಷ್ಟೂ ಇಳಿಯುತ್ತದೆ. 80 ಡಿಗ್ರಿಯಲ್ಲಿ 1.23 ವೋಲ್ಟ್ ಸುಮಾರು 1.18ಕ್ಕೆ ಬರುತ್ತದೆ. ಸಾವಿರ ಡಿಗ್ರಿಯ ಕೋಶಕ್ಕೆ ಬಂದರೆ ಆವಿಯ ಲೆಕ್ಕದಲ್ಲಿಯೂ ಮಿತಿ ಶೇ. 70ರ ಸುತ್ತಮುತ್ತ, ಅಷ್ಟೇ ಬಿಸಿಯಿಂದ ದುಡಿಯುವ ಆದರ್ಶ ಎಂಜಿನ್ನಿನ ಕಾರ್ನೋ ಮಿತಿ ಅದನ್ನು ದಾಟಿರುತ್ತದೆ. ಕೋಶದ ಹಿರಿಮೆ ಇರುವುದು ತಣ್ಣಗಿರುವಾಗ. ಆದರೂ ಕಾರಿನ ಕೋಶಗಳನ್ನು 80 ಡಿಗ್ರಿಯ ಆಸುಪಾಸಿನಲ್ಲಿ ನಡೆಸುತ್ತಾರೆ. ಮಿತಿ ಇಳಿದರೂ ನಷ್ಟ ಅದಕ್ಕಿಂತ ಹೆಚ್ಚು ಇಳಿಯುತ್ತದೆ ಎಂಬ ವ್ಯವಹಾರ ಅದು.

ಆ ನಷ್ಟ ಯಾವುದು? ಅಲ್ಲಿಗೆ ನನ್ನ 0.94ಕ್ಕೆ ಉತ್ತರ ಸಿಗುತ್ತದೆ. 1.23 ಸಿಗುವುದು ಕೋಶದಿಂದ ಏನೂ ಎಳೆಯದಿದ್ದಾಗ, ಎಲ್ಲವೂ ಅನಂತ ನಿಧಾನವಾಗಿ ನಡೆದಾಗ. ನಿಜವಾದ ಪೊರೆಯ ಮೂಲಕ ಒಂದಿಷ್ಟು ಹೈಡ್ರೋಜನ್ ಕದ್ದು ದಾಟಿ ಆಮ್ಲಜನಕದ ಕಡೆ ಸೇರಿಬಿಡುತ್ತದೆ. ಆ ಕಡೆಯ ಪ್ಲಾಟಿನಂ ಮೇಲ್ಮೈ ತಾನೂ ಆಮ್ಲಜನಕದೊಡನೆ ಸ್ವಲ್ಪ ಕೂಡಿಕೊಳ್ಳುತ್ತದೆ. ಇದರಿಂದಾಗಿ ಫ್ಯಾನು ಜೋಡಿಸುವ ಮೊದಲೇ ವೋಲ್ಟೇಜು ಒಂದರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಚೆನ್ನಾಗಿ ನಡೆಯುತ್ತಿದ್ದ ಕೋಶದಲ್ಲಿ ಈ ಖಾಲಿ ವೋಲ್ಟೇಜು ದಿನದಿಂದ ದಿನಕ್ಕೆ ಇಳಿಯತೊಡಗಿದರೆ ಪೊರೆಯಲ್ಲಿ ತೂತು ಬಿದ್ದಿದೆಯೇ ಎಂದು ಮೊದಲು ಅನುಮಾನಿಸಬೇಕು.

ಫ್ಯಾನು ಜೋಡಿಸಿದ ಮೇಲೆ ಮೀಟರು 0.7ಕ್ಕೆ ಇಳಿಯಿತು. ಕರೆಂಟು ಎಳೆದ ತಕ್ಷಣದ ಮೊದಲ ಇಳಿತಕ್ಕೆ ಹೆಚ್ಚಾಗಿ ಆಮ್ಲಜನಕ ಕಾರಣ. ಅದರ ಗಟ್ಟಿ ಬಂಧ ಬಿಡಿಸುವುದು ನಿಧಾನದ ಕೆಲಸ, ಬೇಗ ಬಿಡಿಸಬೇಕೆಂದರೆ ವೋಲ್ಟೇಜನ್ನೇ ಲಂಚ ಕೊಡಬೇಕು. ಪೊರೆಯ ತಡೆಗೆ ಇನ್ನೊಂದಿಷ್ಟು ಹೋಗುತ್ತದೆ. ಈಗ ನಮ್ಮ ಕಿಲೋಗೆ ಲೆಕ್ಕ ಹಾಕಿ: 26,600ನ್ನು 0.7ರಿಂದ ಗುಣಿಸಿದರೆ 18.6 ಯೂನಿಟ್. 39.4ರಲ್ಲಿ ಶೇ. 47. ಉಳಿದ 20.8 ಯೂನಿಟ್ಟೂ ಶಾಖ, ಅದರಲ್ಲಿ ಸುಂಕ 6.7 ಮಾತ್ರ. ಮಿಕ್ಕ ಹದಿನಾಲ್ಕು ಯೂನಿಟ್ ಎಂಜಿನಿಯರ್ ಜಗಳವಾಡಬಹುದಾದ ಭಾಗ.

ಫ್ಯಾನು ಒಂದೆರಡು ನಿಮಿಷ ತಿರುಗಿತು. ನಳಿಗೆಯಲ್ಲಿ ಹೈಡ್ರೋಜನ್ ಮುಗಿಯುತ್ತಾ ಬಂದಂತೆ 0.7, 0.6, ಆಮೇಲೆ ಧಡಕ್ಕನೆ 0.2. ರೆಕ್ಕೆ ನಿಂತಿತು. ನಳಿಗೆಯ ನೀರು ಮೊದಲಿದ್ದ ಗೆರೆಗೇ ಬಂದಿತ್ತು.