ಪುಟ್ಟ ದವಡೆ, ಸೀಳಿದ ಅಂಗುಳ

ನವಜಾತ ಶಿಶುವಿನ ಕೆಳದವಡೆ ತೀರ ಚಿಕ್ಕದು, ನಾಲಿಗೆ ಹಿಂದಕ್ಕೆ ಜಾರಿದೆ, ಅಂಗುಳ ಸೀಳಿದೆ. ಯಾವ ಕಮಾನಿನ ದೋಷ? ಭ್ರೂಣಶಾಸ್ತ್ರದ ಪರೀಕ್ಷೆಯಲ್ಲಿ ಬರುವ ಇಂಥ ಪ್ರಶ್ನೆಗೆ ಉತ್ತರ, ಮೊದಲನೆಯದು.

ನಾಲ್ಕನೇ ವಾರದಲ್ಲಿ ಭ್ರೂಣದ ಗಂಟಲಿನ ಎರಡೂ ಬದಿ ಕಮಾನಿನಂಥ ಉಬ್ಬುಗಳು ಏಳುತ್ತವೆ. ಮೊದಲ ಕಮಾನಿನಿಂದ ದವಡೆ ಮೂಡುತ್ತದೆ. ಅದು ಬೆಳೆಯದಿದ್ದರೆ ನಾಲಿಗೆಗೆ ಕೆಳಗಿಳಿಯಲು ಜಾಗವೇ ಇಲ್ಲ. ಮೇಲೆಯೇ ಉಳಿದ ನಾಲಿಗೆ, ಎಡಬಲದಿಂದ ಬಂದು ಕೂಡಬೇಕಾದ ಅಂಗುಳದ ಹಲಗೆಗಳಿಗೆ ಅಡ್ಡ ನಿಲ್ಲುತ್ತದೆ. ಸೀಳು ಹೆಚ್ಚಾಗಿ ಕುದುರೆಲಾಳದಂತೆ ಅಗಲವಾಗಿರುವುದು ಇದಕ್ಕೇ. ಒಂದು ತಪ್ಪು ಇನ್ನೊಂದನ್ನು ಹೆರುವ ಈ ಸರಪಳಿಗೆ ಪಿಯರ್ ರಾಬಿನ್ ಅನುಕ್ರಮ ಎಂದು ಹೆಸರು.

ಕೆನ್ನೆಮೂಳೆ, ಹೊರಗಿವಿಗಳೂ ಸರಿಯಾಗಿ ಬೆಳೆಯದಿದ್ದರೆ ಟ್ರೀಚರ್ ಕಾಲಿನ್ಸ್ ಸಿಂಡ್ರೋಮ್ ನೆನಪಾಗಬೇಕು.

ಮಗುವಿಗೆ ಮೊದಲ ಅಪಾಯ ಉಸಿರಿನದು. ಆಸ್ಪತ್ರೆಯಲ್ಲಿ ನಿಗಾ ಇಟ್ಟು ಬೋರಲು ಮಲಗಿಸುತ್ತಾರೆ. ನಾಲಿಗೆ ಮುಂದಕ್ಕೆ ಜಾರಿ, ಎಷ್ಟೋ ಕೂಸುಗಳ ಉಸಿರು ಸಲೀಸಾಗುತ್ತದೆ.