ರೆಂಡರ್ ಒತ್ತುವ ಮುನ್ನ ಅಳತೆಪಟ್ಟಿ ಹಿಡಿಯಿರಿ

ಇನ್ನೂ ಕಟ್ಟದ ಮನೆ ಕಟ್ಟಿದ ಮೇಲೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ತಯಾರಿಸುವ ಚಿತ್ರಕ್ಕೆ ಆರ್ಕಿಟೆಕ್ಟ್ ಕಚೇರಿಗಳಲ್ಲಿ ರೆಂಡರ್ ಎನ್ನುತ್ತಾರೆ. ಬೆಳಕು, ಗಿಡ, ಗೋಡೆಯ ಬಣ್ಣ ಎಲ್ಲವನ್ನೂ ದಿನಗಟ್ಟಲೆ ತಿದ್ದಿ, ಕೊನೆಗೆ ಚಿತ್ರದ ಅಳತೆ ಕೇಳುವ ಜಾಗದಲ್ಲಿ ಮೊದಲೇ ಇದ್ದ 1920 × 1080 ಅನ್ನೇ ಬಿಟ್ಟು ಗುಂಡಿ ಒತ್ತುವವರು ಬಹಳ ಮಂದಿ. ಪರದೆಯಲ್ಲಿ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಅದನ್ನೇ ದೊಡ್ಡ ಶೀಟಿನ ಮೇಲೆ ಅಚ್ಚು ಹಾಕಿಸಿದಾಗ ಅಂಚುಗಳೆಲ್ಲ ಮಸುಕು. ಇನ್‌ಸ್ಟಾಗ್ರಾಂಗೆ ಹಾಕಿದಾಗ ಮನೆಯ ಎರಡೂ ಬದಿ ಕತ್ತರಿಸಿಹೋಗಿರುತ್ತದೆ. ಚಿತ್ರ ಎಲ್ಲಿಗೆ ಹೋಗುತ್ತದೆ, ಅಲ್ಲಿ ಅದಕ್ಕೆ ಸಿಗುವ ಜಾಗದ ಉದ್ದಗಲ ಎಷ್ಟು, ನೋಡುವವರು ಎಷ್ಟು ದೂರದಲ್ಲಿ ನಿಲ್ಲುತ್ತಾರೆ ಎಂಬ ಮೂರು ಸಂಗತಿ ಮೊದಲೇ ಗೊತ್ತಿದ್ದರೆ ಈ ಎರಡೂ ತಾಪತ್ರಯ ತಪ್ಪುತ್ತವೆ.

ಒಂದು ಮನೆಯನ್ನೇ ತೆಗೆದುಕೊಳ್ಳೋಣ. 40–60 ಸೈಟಿನಲ್ಲಿ ಎರಡು ಅಂತಸ್ತಿನ ಮನೆ. ಮುಖಭಾಗ ಸುಮಾರು 9 ಮೀಟರ್ ಅಗಲ, 8 ಮೀಟರ್ ಎತ್ತರ. ಮೇಲಿನ ಬಾಲ್ಕನಿಗೆ 12 ಮಿ.ಮೀ. ಚೌಕ ಸರಳುಗಳ ಕಬ್ಬಿಣದ ರೇಲಿಂಗ್. ಇದನ್ನು ಅಡ್ಡ ಎ1 ಬೋರ್ಡಿನಲ್ಲಿ ತೋರಿಸಬೇಕು. ಎ1 ಹಾಳೆಯ ಅಳತೆ 841 × 594 ಮಿ.ಮೀ. ಸುತ್ತ 20 ಮಿ.ಮೀ. ಮಾರ್ಜಿನ್ ಬಿಟ್ಟು, ಕೆಳಗೆ ಪ್ಲಾನು, ಸೆಕ್ಷನ್ನುಗಳಿಗೆ ಜಾಗ ತೆಗೆದರೆ, ಮುಖ್ಯ ಚಿತ್ರಕ್ಕೆ ಉಳಿಯುವುದು 801 × 340 ಮಿ.ಮೀ. ಪಟ್ಟಿ. ರೆಂಡರಿನ ಆಕಾರ ಇಲ್ಲೇ ತೀರ್ಮಾನವಾಯಿತು: ಎತ್ತರದ 2.36 ಪಟ್ಟು ಅಗಲ. ಆ ಪಟ್ಟಿಯಲ್ಲಿ ಮನೆ 270 ಮಿ.ಮೀ. ಅಗಲ ಕಾಣಲಿ, ಉಳಿದದ್ದು ರಸ್ತೆ, ಮರ, ಅಕ್ಕಪಕ್ಕದ ಮನೆಗಳು.

ಇನ್ನು ಪಿಕ್ಸೆಲ್ ಎಷ್ಟು ಬೇಕು ಎಂಬ ಪ್ರಶ್ನೆ. ಅಚ್ಚಿಗೆ 300 ಡಿಪಿಐ ಬೇಕೇ ಬೇಕು ಎಂಬ ಮಾತು ಪ್ರಿಂಟ್ ಅಂಗಡಿಗಳಲ್ಲೆಲ್ಲ ಕೇಳಿಬರುತ್ತದೆ. ಆದರೆ ಆ 300 ಬಂದದ್ದು ಕಣ್ಣಿನ ಮಿತಿಯಿಂದ. ಒಳ್ಳೆಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕಿರಿದಾದುದನ್ನು ಬೇರ್ಪಡಿಸಿ ನೋಡಬಲ್ಲದು. ಕೈಯಲ್ಲಿ ಹಿಡಿದ ಪುಸ್ತಕದ ದೂರ, ಅಂದರೆ 30 ಸೆಂ.ಮೀ.ನಲ್ಲಿ, ಅದು ಸುಮಾರು 0.09 ಮಿ.ಮೀ. ಆಗುತ್ತದೆ. ಲೆಕ್ಕ ಹಾಕಿದರೆ ಇಂಚಿಗೆ ಹತ್ತಿರಹತ್ತಿರ 300 ಪಿಕ್ಸೆಲ್. ಗೋಡೆಗೆ ಹಾಕಿದ ಬೋರ್ಡನ್ನು ಜ್ಯೂರಿಯವರು ಸಾಮಾನ್ಯವಾಗಿ 60 ಸೆಂ.ಮೀ.ಗಿಂತ ಹತ್ತಿರದಿಂದ ನೋಡುವುದಿಲ್ಲ. ದೂರ ಇಮ್ಮಡಿಯಾದರೆ ಬೇಕಾದ ಸಾಂದ್ರತೆ ಅರ್ಧಕ್ಕಿಳಿಯುತ್ತದೆ; ಅಲ್ಲಿಗೆ ಇಂಚಿಗೆ 150 ಸಾಕು.

ಲೆಕ್ಕದ ಸೂತ್ರ ಇಷ್ಟೇ: ಮಿಲಿಮೀಟರನ್ನು 25.4ರಿಂದ ಭಾಗಿಸಿ ಇಂಚು ಮಾಡಿಕೊಂಡು, ಅದನ್ನು 150ರಿಂದ ಗುಣಿಸಬೇಕು. ನಮ್ಮ ಪಟ್ಟಿಗೆ 4730 × 2008 ಬರುತ್ತದೆ, ಸುಮಾರು 95 ಲಕ್ಷ ಪಿಕ್ಸೆಲ್. 300ಕ್ಕೆ ಹೋದರೆ ಅಗಲ, ಎತ್ತರ ಎರಡೂ ಇಮ್ಮಡಿಯಾಗಿ ಪಿಕ್ಸೆಲ್‌ಗಳು ನಾಲ್ಕು ಪಟ್ಟಾಗುತ್ತವೆ. ರೆಂಡರಿನ ಸಮಯವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. 40 ನಿಮಿಷದ ಕೆಲಸಕ್ಕೆ ಎರಡೂಮುಕ್ಕಾಲು ಗಂಟೆ ಹಿಡಿಯುತ್ತದೆ, ಗೋಡೆಯ ಮೇಲೆ ವ್ಯತ್ಯಾಸ ಮಾತ್ರ ಯಾರಿಗೂ ಕಾಣುವುದಿಲ್ಲ.

ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಆ ಬಾಲ್ಕನಿಯ ರೇಲಿಂಗನ್ನೇ ನೋಡಿ. 9 ಮೀಟರ್ ಮನೆ 270 ಮಿ.ಮೀ. ಆದಾಗ 12 ಮಿ.ಮೀ. ಸರಳು ಹಾಳೆಯ ಮೇಲೆ 0.36 ಮಿ.ಮೀ. ಗೆರೆಯಾಗುತ್ತದೆ. 150ರಲ್ಲಿ ಅದಕ್ಕೆ ಎರಡು ಪಿಕ್ಸೆಲ್ ಸಿಗುತ್ತವೆ, ಸರಳು ಸರಳಾಗಿಯೇ ಉಳಿಯುತ್ತದೆ. 1920 ಪಿಕ್ಸೆಲ್ ಅಗಲದ ಚಿತ್ರವನ್ನು 801 ಮಿ.ಮೀ.ಗೆ ಹಿಗ್ಗಿಸಿದರೆ ಇಂಚಿಗೆ 61 ಪಿಕ್ಸೆಲ್ ಮಾತ್ರ. ಸರಳಿನ ಪಾಲಿಗೆ ಒಂದು ಪಿಕ್ಸೆಲ್ ಕೂಡ ಪೂರ್ತಿ ಬರುವುದಿಲ್ಲ. ಆಗ ಕೆಲವು ಸರಳುಗಳು ದಪ್ಪ, ಕೆಲವು ಮಸುಕು, ಕೆಲವು ಮಾಯ. ಓರೆಯಾಗಿ ಕಾಣುವ ಕಡೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಹೆಂಚಿನ ಸಾಲು, ಜಾಲಿ, ಇಟ್ಟಿಗೆಯ ಸಂದುಗಳಲ್ಲೂ ಇದೇ ರೋಗ. ಹಾಗಾಗಿ ಚಿತ್ರದಲ್ಲಿರುವ ಅತಿ ಸಣ್ಣ ವಸ್ತುವಿಗೆ ಕನಿಷ್ಠ ಎರಡು ಪಿಕ್ಸೆಲ್ ಸಿಗುತ್ತವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯ ಪರೀಕ್ಷೆ.

ಫೋಟೋಶಾಪಿನಲ್ಲಿ 72 ಇದ್ದದ್ದನ್ನು 300 ಎಂದು ತಿದ್ದಿದರೆ ಇದು ಸರಿಹೋಗುವುದಿಲ್ಲ. Resample ಗುರುತು ತೆಗೆದು ತಿದ್ದಿದರೆ ಪಿಕ್ಸೆಲ್ ಒಂದೂ ಹೆಚ್ಚದೆ ಅಚ್ಚಿನ ಅಳತೆಯಷ್ಟೇ ಕುಗ್ಗುತ್ತದೆ. ಗುರುತು ಇಟ್ಟು ಹಿಗ್ಗಿಸಿದರೆ ತಂತ್ರಾಂಶ ಅಕ್ಕಪಕ್ಕದ ಬಣ್ಣ ನೋಡಿ ನಡುವೆ ತುಂಬುತ್ತದೆ. ಕಳೆದುಹೋದ ಸರಳು ಮರಳಿ ಬರುವುದಿಲ್ಲ.

ಗ್ರಾಹಕರ ಕೈಗೆ ಕೊಡುವ ಎ3 ಪುಸ್ತಿಕೆಗೆ ಬೇರೆ ರೆಂಡರ್ ಬೇಕಿಲ್ಲ. ಎ3ರ ಉದ್ದಗಲಗಳು ಎ1ರ ಅರ್ಧದಷ್ಟು. ಹಾಗಾಗಿ ಎ1ಕ್ಕೆ 150ರಲ್ಲಿ ಮಾಡಿದ ಕಡತವನ್ನೇ ಎ3ರಲ್ಲಿ ಕೂರಿಸಿದರೆ ತಾನಾಗಿ 300 ಆಗುತ್ತದೆ, ಕೈಯಲ್ಲಿ ಹಿಡಿದು ನೋಡುವ ದೂರಕ್ಕೆ ಬೇಕಾದಷ್ಟೇ.

ಸಾಮಾಜಿಕ ಜಾಲತಾಣದಲ್ಲಿ ಕಷ್ಟ ತಿರುಗುಮುರುಗು. ಅಲ್ಲಿ ಪಿಕ್ಸೆಲ್ ಕಡಿಮೆಯೇ ಸಾಕು, ತೊಡಕಿರುವುದು ಆಕಾರದಲ್ಲಿ. ಮೊಬೈಲನ್ನು ಜನ ಉದ್ದುದ್ದ ಹಿಡಿಯುತ್ತಾರೆ. ಅಡ್ಡ ಚಿತ್ರ ಹಾಕಿದರೆ ತೆಳುವಾದ ಪಟ್ಟಿಯಾಗಿ ಕಂಡು ಹೋಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ 1080 × 1350, ಅಂದರೆ 4:5 ಆಕಾರದ ಚಿತ್ರ ಪರದೆಯ ಬಹುಪಾಲು ತುಂಬುತ್ತದೆ. ಬೋರ್ಡಿನ ಪಟ್ಟಿಯಿಂದಲೇ ಅದನ್ನು ಕತ್ತರಿಸಿಕೊಳ್ಳೋಣವೇ? ಪಟ್ಟಿಯ ಎತ್ತರ 2008 ಪಿಕ್ಸೆಲ್, 4:5ಕ್ಕೆ ಸಿಗುವ ಅಗಲ 1606. ಮನೆಯೊಂದೇ 1594 ಪಿಕ್ಸೆಲ್ ಅಗಲವಿದೆ. ಎರಡೂ ಕಡೆ ಆರಾರು ಪಿಕ್ಸೆಲ್ ಉಳಿದು, ಗೋಡೆ ಚೌಕಟ್ಟಿಗೆ ಅಂಟಿಕೊಳ್ಳುತ್ತದೆ. ಪಕ್ಕದ ಕಾಂಪೌಂಡೂ ಇಲ್ಲ, ಮರವೂ ಇಲ್ಲ.

ಆದ್ದರಿಂದ ಇದಕ್ಕೆ ಇನ್ನೊಂದು ಕ್ಯಾಮೆರಾ ಬೇಕು. ಮೊದಲ ಕ್ಯಾಮೆರಾವನ್ನು ಅದೇ ಜಾಗದಲ್ಲಿ ನಕಲು ಮಾಡಿ, ಚೌಕಟ್ಟನ್ನು 4:5 ಮಾಡಿ. ಮನೆ ಪುಟ್ಟದಾಗಿ ಕಂಡರೆ ಕ್ಯಾಮೆರಾವನ್ನು ಮುಂದಕ್ಕೆ ತಳ್ಳಬೇಡಿ, ಲೆನ್ಸಿನ ಮಿ.ಮೀ. ಹೆಚ್ಚಿಸಿ. ನಿಂತ ಜಾಗ ಬದಲಾದರೆ ಮನೆಯ ಆಳ-ಅಗಲಗಳ ನೋಟವೇ ಬದಲಾಗುತ್ತದೆ. ಲೆನ್ಸ್ ಬದಲಾದರೆ ಚೌಕಟ್ಟು ಬಿಗಿಯಾಗುತ್ತದೆ ಅಷ್ಟೆ. ಆಕಾಶ ಸೇರಿಸಲು ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಗೋಡೆಗಳು ಮೇಲೆ ಹೋಗುತ್ತಾ ಒಳಕ್ಕೆ ವಾಲುತ್ತವೆ. ಬಾಗಿಸುವ ಬದಲು ಲಂಬ ಶಿಫ್ಟ್ ಬಳಸಿದರೆ ನೆಟ್ಟಗೆ ನಿಲ್ಲುತ್ತವೆ. ಮನೆ ಚೌಕಟ್ಟಿನ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಅಗಲ ತುಂಬಲಿ.

ಈ ರೆಂಡರನ್ನು 2160 × 2700ಕ್ಕೆ ತೆಗೆದು ನೀವೇ ಅರ್ಧಕ್ಕಿಳಿಸಿ. ಹಾಗೆ ಇಳಿಸಿದಾಗ ರೇಲಿಂಗಿನ ಸರಳುಗಳ ಅಂಚು ನಯವಾಗುತ್ತದೆ, ಆ್ಯಪ್ ತನ್ನಿಷ್ಟದಂತೆ ಕುಗ್ಗಿಸುವುದೂ ತಪ್ಪುತ್ತದೆ. 2025ರಿಂದ ಇನ್‌ಸ್ಟಾಗ್ರಾಂ ಪ್ರೊಫೈಲ್ ಪುಟದ ಕಿರುಚಿತ್ರಗಳು 3:4 ಆಕಾರದಲ್ಲಿವೆ. ಅಲ್ಲಿ 4:5 ಚಿತ್ರದ ಎಡಬಲಗಳಲ್ಲಿ ತಲಾ 34 ಪಿಕ್ಸೆಲ್ ಮರೆಯಾಗುತ್ತದೆ. ಕಚೇರಿಯ ಹೆಸರನ್ನು ಆ ಅಂಚಿನಲ್ಲಿ ಬರೆಯಬೇಡಿ.

ಕಡತವನ್ನು ಪ್ರಿಂಟ್ ಅಂಗಡಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆದರೆ ದಾರಿಯಲ್ಲೇ ಕುಗ್ಗುತ್ತದೆ. ಅವರ ಕಂಪ್ಯೂಟರಿನಲ್ಲಿ ಕಡತದ ಅಗಲ 4730 ಎಂದೇ ತೋರಿಸುತ್ತಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಇಡೀ ಎ1 ಹಾಕಿಸುವ ಮುನ್ನ, ರೇಲಿಂಗ್ ಇರುವಷ್ಟು ಭಾಗವನ್ನು ನಿಜ ಅಳತೆಯಲ್ಲೇ ಒಂದು ಎ4 ಹಾಳೆಯ ಮೇಲೆ ತೆಗೆಸಿ ಗೋಡೆಗೆ ಅಂಟಿಸಿ. ಎರಡಡಿ ದೂರದಿಂದ ಸರಳುಗಳು ಒಂದೊಂದಾಗಿ ಎಣಿಸಲು ಬಂದರೆ ದೊಡ್ಡ ಪ್ರಿಂಟಿಗೆ ದುಡ್ಡು ಕೊಡಬಹುದು.