ಎರಡು ಎಕರೆ ಇಪ್ಪತ್ತು ಗುಂಟೆಯ ಖರ್ಚು

ರಾಯಚೂರು ಜಿಲ್ಲೆಯ 60 ಹಳ್ಳಿಗಳಲ್ಲಿ, ಹಳ್ಳಿಗೆ 20ರಂತೆ 1,200 ರೈತ ಕುಟುಂಬಗಳ ಜಮೀನು, ಸಾಲದ ಸಮೀಕ್ಷೆ ನಡೆಸಬೇಕಿದೆ ಎಂದುಕೊಳ್ಳೋಣ. ಬಜೆಟ್ ಬರೆಯಲು ಕೂತವರು ಮೊದಲು ಮನೆಗಳನ್ನು ಎಣಿಸುತ್ತಾರೆ. ಆದರೆ ದುಡ್ಡು ಕರಗುವುದು ದಿನಗಳ ಲೆಕ್ಕದಲ್ಲಿ. ಒಬ್ಬ ಗಣತಿದಾರರು ದಿನಕ್ಕೆ 4 ಮನೆ ಮುಗಿಸಿದರೆ 12 ಮಂದಿಗೆ 25 ದಿನದ ಕೆಲಸ. ಸಂಬಳ, ಊಟ, ಓಡಾಟ ಸೇರಿ ತಲಾ ದಿನಕ್ಕೆ 1,200 ರೂಪಾಯಿ ಹಿಡಿದರೆ 3.6 ಲಕ್ಷ. ಮೂರೇ ಮನೆ ಮುಗಿದರೆ ಅದು 4.8 ಲಕ್ಷಕ್ಕೇರುತ್ತದೆ, ಜೀಪಿನ ಬಾಡಿಗೆ, ಮೇಲ್ವಿಚಾರಕರ ಸಂಬಳವೂ ಅದರ ಹಿಂದೆಯೇ ಬೆಳೆಯುತ್ತದೆ.

ಮೂರೋ ನಾಲ್ಕೋ ಎಂಬುದನ್ನು ಹೇಳುವುದು ಪ್ರಾಯೋಗಿಕ ಸಮೀಕ್ಷೆ. 1937ರಲ್ಲಿ ಬಂಗಾಳದ ಸೆಣಬು ಬೆಳೆಯ ಸಮೀಕ್ಷೆಗೆ ಕೈಹಾಕಿದ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಸಣ್ಣದಾಗಿ ಶುರುಮಾಡಿ ವರ್ಷದಿಂದ ವರ್ಷಕ್ಕೆ ಹಿಗ್ಗಿಸಿದರು. ಸಿಬ್ಬಂದಿಯ ಸಮಯ ನಡಿಗೆಗೆಷ್ಟು, ಎಣಿಕೆಗೆಷ್ಟು ಹೋಯಿತೆಂದು ಬರೆಸಿಟ್ಟು, ಅದರಿಂದಲೇ ಖರ್ಚಿನ ಸೂತ್ರ ಕಟ್ಟಿದರು.

ಪ್ರಾಯೋಗಿಕ ಹಂತ ಬಿಟ್ಟರೆ ಏನಾಗುತ್ತದೆ? ಗಣತಿದಾರರ ಕೈಯಲ್ಲಿರುವ ಟ್ಯಾಬ್‌ನಲ್ಲಿ ‘ಜಮೀನು ಎಷ್ಟು ಎಕರೆ?’ ಎಂಬ ಒಂದೇ ಖಾನೆ ಇದೆ. ರೈತರು ‘ಎರಡು ಎಕರೆ ಇಪ್ಪತ್ತು ಗುಂಟೆ’ ಎನ್ನುತ್ತಾರೆ. ಪಹಣಿ ಓದಿ ರೂಢಿಯಾದ ಗಣತಿದಾರರು 2.20 ಎಂದು ಒತ್ತುತ್ತಾರೆ. ಕೊನೆಯ ಸೊನ್ನೆ ಬಿದ್ದು 2.2 ಉಳಿಯುತ್ತದೆ. ಎಕರೆಗೆ 40 ಗುಂಟೆ. ನಿಜವಾದ ಉತ್ತರ ಎರಡೂವರೆ ಎಕರೆ. ಆಮೇಲೆ ಆ 2.2 ಎಂದರೆ ಎರಡು ಗುಂಟೆಯೋ, ಇಪ್ಪತ್ತು ಗುಂಟೆಯೋ, ದಶಾಂಶವೋ ಎಂದು ಕಚೇರಿಯಲ್ಲಿ ಕೂತು ಹೇಳಲಾಗದು. ಮನೆಮನೆಗೆ ಮತ್ತೆ ಫೋನ್ ಮಾಡಬೇಕು. ಗುಂಟೆಗೆ ಬೇರೆ ಖಾನೆ ಇಟ್ಟಿದ್ದರೆ ಈ ಖರ್ಚೇ ಇರುತ್ತಿರಲಿಲ್ಲ.

ಸಂಬಳವನ್ನು ಫಾರ್ಮಿಗಿಷ್ಟು ಎಂದು ಕೊಟ್ಟರೆ ಇನ್ನೊಂದು ತೊಡಕು. ‘ಸಾಲ ಇದೆಯೇ?’ ಎಂಬುದಕ್ಕೆ ‘ಇಲ್ಲ’ ಒತ್ತಿದರೆ ಮುಂದಿನ ಹದಿನೈದು ಪ್ರಶ್ನೆಗಳು ತಾವಾಗಿ ಮಾಯ. ಒಬ್ಬರ ಫಾರ್ಮುಗಳಲ್ಲಿ ಮಾತ್ರ ದಿನ ಕಳೆದಂತೆ ‘ಇಲ್ಲ’ಗಳು ಹೆಚ್ಚಿ, ಸಂದರ್ಶನದ ಅವಧಿ ಇಳಿದರೆ ಅನುಮಾನಿಸಬೇಕು. ಟ್ಯಾಬ್‌ನ ನಿಜವಾದ ಲಾಭ ಇದು: ಯಾರ ಫಾರ್ಮುಗಳಲ್ಲಿ ಎಷ್ಟು ‘ಇಲ್ಲ’, ಸಂದರ್ಶನಕ್ಕೆಷ್ಟು ಹೊತ್ತು ಎಂಬ ಪಟ್ಟಿ ಅದೇ ಸಂಜೆ ಕೈಗೆ ಸಿಗುತ್ತದೆ. ಆದ್ದರಿಂದ ದತ್ತಾಂಶ ಪರಿಶೀಲಿಸುವವರ ಸಂಬಳ ಮೊದಲ ದಿನದಿಂದಲೇ ಬಜೆಟ್ಟಿನಲ್ಲಿರಬೇಕು. ಜೊತೆಗೆ ನಾಲ್ವರಿಗೊಬ್ಬ ಮೇಲ್ವಿಚಾರಕರು. ಹತ್ತರಲ್ಲೊಂದು ಮನೆಗೆ, ಅಂದರೆ 120 ಮನೆಗಳಿಗೆ, ಬೇರೆಯವರು ಹೋಗಿ ನಾಲ್ಕಾರು ಪ್ರಶ್ನೆ ಮತ್ತೆ ಕೇಳಬೇಕು. ಟ್ಯಾಬ್‌ಗಳು ಗಣತಿದಾರರಿಗೆ 12, ಮೇಲ್ವಿಚಾರಕರಿಗೆ 3, ಕೆಟ್ಟರೆ ಇರಲೆಂದು 2.

ಹಣ ಸಾಲದಿದ್ದರೆ ಕತ್ತರಿ ಬೀಳುವುದು ಸಾಮಾನ್ಯವಾಗಿ ಪ್ರಾಯೋಗಿಕ ಹಂತಕ್ಕೆ, ಮರುಭೇಟಿಗೆ. ಅದರ ಬದಲು ಹಳ್ಳಿಗೆ 20 ಮನೆ ಇದ್ದದ್ದನ್ನು 16 ಮಾಡಿ. ದಿನಕ್ಕೆ ಮೂರು ಮನೆಯ ಲೆಕ್ಕದಲ್ಲಿ 96,000 ರೂಪಾಯಿ ಉಳಿಯುತ್ತದೆ. ಅಂದಾಜಿನ ಅನಿಶ್ಚಿತತೆ ಹೆಚ್ಚೆಂದರೆ ಶೇ 12ರಷ್ಟು ಹಿಗ್ಗೀತು. ಒಂದೇ ಊರಿನ ಮನೆಗಳು ಒಂದನ್ನೊಂದು ಹೋಲುವುದರಿಂದ ಅಷ್ಟೂ ಆಗದು. ಆ ನಷ್ಟವನ್ನು ವರದಿಯಲ್ಲಿ ಅಂಕಿಯಲ್ಲೇ ಬರೆದು ತೋರಿಸಬಹುದು. ತಪ್ಪಾಗಿ ದಾಖಲಾದ ಗುಂಟೆಗೆ, ಕೇಳದೇ ಬಿಟ್ಟ ಸಾಲಕ್ಕೆ ಅಂಥ ಅಳತೆಯೇ ಇಲ್ಲ.